ಸಾಂಬ್ರಾದ ಸೀಟಿಗೆ ಬೆಲೆ ಕಟ್ಟುವ ಬಗೆ

ಖಾನಾಪುರ, ಬೆಳಗಾವಿ ಕಡೆ ವಿಮಾನದ ಟಿಕೆಟ್ ತೆಗೆಸುವವರಲ್ಲಿ ಒಂದು ನಂಬಿಕೆ ಬೇರೂರಿದೆ. ಒಂದೇ ಮೊಬೈಲಿನಲ್ಲಿ ಎರಡು ಸಲ ಹುಡುಕಿದರೆ ಕಂಪನಿ ನಮ್ಮ ಗರಜು ಅರಿತು ದರ ಏರಿಸುತ್ತದೆ, ಮಂಗಳವಾರ ರಾತ್ರಿ ತೆಗೆದರೆ ಅಗ್ಗ ಎಂದು. ಟಿಕೆಟ್ ಕೌಂಟರಿನಲ್ಲಿ ಬಹುಕಾಲ ಕೂತವನಾಗಿ ಹೇಳುತ್ತೇನೆ: ದರ ಬದಲಾಗುವುದು ನಿಜ, ಕಾರಣ ಮಾತ್ರ ಬೇರೆ.

ಹಳೆಯ ಕತೆ ಚಿಕ್ಕದು. 1953ರಿಂದ ಸುಮಾರು ನಾಲ್ಕು ದಶಕ ನಮ್ಮಲ್ಲಿ ವಿಮಾನಸೇವೆ ಸರ್ಕಾರದ್ದೇ ಆಗಿತ್ತು, ದರವೂ ಗೊತ್ತುಪಡಿಸಿದ್ದೇ. ಹೊರಗೆ 1972ರಲ್ಲಿ ಬ್ರಿಟನ್ನಿನ ಬಿಓಎಸಿ ಕಂಪನಿಯ ಕೆನ್ ಲಿಟಲ್‌ವುಡ್ ಒಂದು ಸರಳ ಸೂತ್ರ ಕೊಟ್ಟ. ಉದಾಹರಣೆಗೆ, 3,000 ರೂಪಾಯಿಗೆ ಕೇಳುವವನು ಇಂದು ಬಂದಿದ್ದಾನೆ. 6,000 ಕೊಡುವವನು ಕೊನೆಯ ವಾರ ಬರಬಹುದು. ಅವನು ಬರುವ ಸಂಭವ ಅರ್ಧಕ್ಕಿಂತ ಹೆಚ್ಚಿದ್ದರೆ ಸೀಟನ್ನು ಕಾದಿಡು, ಕಡಿಮೆಯಿದ್ದರೆ ಈಗಲೇ ಮಾರು. 1978ರಲ್ಲಿ ಅಮೆರಿಕ ದರದ ನಿಯಂತ್ರಣ ಸಡಿಲಿಸಿದ ಮೇಲೆ ಈ ಲೆಕ್ಕ ಕಂಪ್ಯೂಟರಿಗೆ ಏರಿತು. ಇಂದಿನ ಎಲ್ಲ ಏರಿಳಿತದ ಬೇರು ಅಲ್ಲಿದೆ.

ನಮ್ಮ ತಲೆಮಾರು ಇದನ್ನು ಕಣ್ಣಾರೆ ಕಂಡಿತು. 1994ರಲ್ಲಿ ಸರ್ಕಾರದ ಏಕಸ್ವಾಮ್ಯ ಕಾನೂನಿನಲ್ಲಿಯೂ ಮುಗಿಯಿತು. ಖಾನಾಪುರದವರು ಗೋವಾಕ್ಕೆ ಇಳಿದು ಮುಂಬಯಿಗೆ ಹಾರುವುದಿದ್ದರೆ ನಾವು ಅಮೆಡಿಯಸ್ ಪರದೆಯಲ್ಲಿ ಹೀಗೆ ಒತ್ತುತ್ತಿದ್ದೆವು:

```
AN20DECGOIBOM
```

ಪರದೆಯಲ್ಲಿ `Y9 M4 K2 L0` ಎಂಬಂಥ ಸಾಲು ಬರುತ್ತಿತ್ತು. ಒಂದೊಂದು ಅಕ್ಷರವೂ ಒಂದೊಂದು ದರದ ಕ್ಲಾಸ್. ಪಕ್ಕದ ಅಂಕಿ ಆ ದರದಲ್ಲಿ ಎಷ್ಟು ಸೀಟು ಸಿಗುತ್ತವೆ ಎಂಬುದು. ಎಲ್ ಮುಗಿದಿದೆ, ಕೆಯಲ್ಲಿ ಎರಡೇ ಉಳಿದಿವೆ. ಗಿರಾಕಿಗೆ ದರ ಯಾಕೆ ಏರಿತೆಂದು ಬೆರಳಿಟ್ಟು ತೋರಿಸಬಹುದಿತ್ತು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಮುಂದೆ ಒಂದು ರೂಪಾಯಿಯ ಟಿಕೆಟ್ಟನ್ನೂ ಮಾರಿತು, ಸಾಮಾನ್ಯ ಜನರಿಗೆ ವಿಮಾನದ ಬಾಗಿಲು ತೆರೆಯಿತು. ಆ ಉಪಕಾರ ದೊಡ್ಡದು. ಆದರೆ ನೇರ ಮಾರಾಟದ ಈ ಹೊಸ ರೀತಿಯಲ್ಲಿ ಅಕ್ಷರಗಳು ಮರೆಯಾದವು, ಒಂದು ಮೊತ್ತ ಮಾತ್ರ ಉಳಿಯಿತು. ಕಾರಣ ಕಾಣದಲ್ಲಿ ಸಂಶಯ ಹುಟ್ಟಿತು.

ಕ್ಲಾಸುಗಳು ಹೋಗಿಲ್ಲ, ಒಳಗೇ ಇವೆ. ಖಾನಾಪುರದ ನಾಲ್ವರ ಕುಟುಂಬವೊಂದು ಬೆಂಗಳೂರಿಗೆ ಹೊರಟಿದೆ ಎನ್ನೋಣ. 3,200 ರೂಪಾಯಿಯ ಕ್ಲಾಸಿನಲ್ಲಿ ಮೂರು ಸೀಟು ಉಳಿದಿವೆ, ಮುಂದಿನದು 3,900. ಒಬ್ಬರಿಗೆ ಹುಡುಕಿದರೆ 3,200 ಕಾಣುತ್ತದೆ. ನಾಲ್ವರಿಗೆ ಕೇಳಿದರೆ ಸಾಮಾನ್ಯವಾಗಿ ನಾಲ್ಕೂ ಸೀಟಿಗೆ 3,900ರಂತೆ 15,600 ಆಗುತ್ತದೆ. ಮೂವರಿಗೆ ಮತ್ತು ಒಬ್ಬರಿಗೆ ಬೇರೆ ಬೇರೆ ತೆಗೆದರೆ 13,500, ಉಳಿತಾಯ 2,100. ಪಿಎನ್‌ಆರ್ ಎರಡಾಗುವುದರಿಂದ ವಿಮಾನ ರದ್ದಾದಾಗ ಇಬ್ಬಗೆಯಾಗಬಹುದು, ಮಕ್ಕಳಿದ್ದರೆ ದೊಡ್ಡವರ ಜೊತೆಯಲ್ಲೇ ಇಡಬೇಕು.

ಇನ್ನು ಹತ್ತು ನಿಮಿಷದ ಏರಿಳಿತ. ಇನ್ನೊಬ್ಬರು ಹಣ ಕಟ್ಟುವ ಹಂತದಲ್ಲಿದ್ದರೆ ಆ ಸೀಟು ಸ್ವಲ್ಪ ಹೊತ್ತು ತಡೆಯಲ್ಲಿರುತ್ತದೆ, ನಿಮಗೆ ಮೇಲಿನ ದರ ಕಾಣುತ್ತದೆ. ಅವರು ಕಟ್ಟದೆ ಹೋದರೆ ಹಳೆಯ ದರ ಮರಳುತ್ತದೆ. ಹಲವು ಕಂಪನಿಗಳ ದರ ಒಟ್ಟಿಗೆ ತೋರಿಸುವ ಆ್ಯಪ್‌ಗಳಂತೂ ಕೆಲವೊಮ್ಮೆ ತುಸು ಹಿಂದೆ ತೆಗೆದಿಟ್ಟ ದರ ತೋರಿಸುತ್ತವೆ. ಒತ್ತಿದಾಗ ನಿಜ ದರ ಬರುತ್ತದೆ. ಹಾಗಾಗಿ ಏರಿದ ದರ ಕಂಡರೆ ಅರ್ಧ ಗಂಟೆ ಬಿಟ್ಟು ಕಂಪನಿಯ ಸ್ವಂತ ಆ್ಯಪ್‌ನಲ್ಲಿ ನೋಡಿ. ಆಗಲೂ ಇಳಿಯದಿದ್ದರೆ ಆ ಕ್ಲಾಸ್ ಮಾರಿಹೋಗಿದೆ, ಇಲ್ಲವೇ ಕಂಪನಿ ಮುಚ್ಚಿದೆ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇದು ಇನ್ನೂ ಬಿಗಿ. 180 ಸೀಟಿನ ವಿಮಾನದ ಲೆಕ್ಕ 50 ಸೀಟಿನ ಎಂಬ್ರೇರ್‌ಗೋ 78 ಸೀಟಿನ ಎಟಿಆರ್‌ಗೋ ನಡೆಯದು. ಒಂದು ಮದುವೆ ದಿಬ್ಬಣ ಸಾಕು, ಕೆಳಗಿನ ಕ್ಲಾಸುಗಳೆಲ್ಲ ಖಾಲಿ. ಆದ್ದರಿಂದ ಇಂಥ ವಾರ, ಇಂಥ ಗಂಟೆ ಎಂಬ ಸೂತ್ರ ಹಿಡಿಯದೆ ನಿಮ್ಮ ದಿನದ ದರವನ್ನು ಆಸುಪಾಸಿನ ಮಂಗಳವಾರ, ಬುಧವಾರಗಳ ದರದೊಂದಿಗೆ ಹೋಲಿಸಿ. ಎರಡೂ ಒಂದೇ ಇದ್ದರೆ ಕೆಳಗಿನ ಕ್ಲಾಸ್ ಇನ್ನೂ ತೆರೆದಿರುವ ಸಾಧ್ಯತೆ ಹೆಚ್ಚು. ಕಾದು ಗಳಿಸುವುದು ಅಲ್ಪ, ತೆಗೆದುಬಿಡಿ. ನಿಮ್ಮ ದಿನ ಮಾತ್ರ ಏರಿದ್ದರೆ ಇಳಿಯುವ ಭರವಸೆ ಕಡಿಮೆ. ದಿನ ಬದಲಿಸಿ, ಇಲ್ಲವೇ ಹುಬ್ಬಳ್ಳಿ, ಗೋವಾ ನೋಡಿ, ದಾರಿ ಖರ್ಚು ಸೇರಿಸಿ ತೂಗಿ. ಸಾಮಾನ್ಯ ದಿನಕ್ಕೆ ಮೂರರಿಂದ ಆರು ವಾರ ಮೊದಲು, ಗಣೇಶ ಚೌತಿ, ದೀಪಾವಳಿಗೆ ಇನ್ನೂ ಮೊದಲು ಎಂಬುದು ನನ್ನ ಅನುಭವ. ತೀರ ಮುಂಚೆಯೂ ಬೇಡ: ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ವೇಳಾಪಟ್ಟಿ ಬದಲಾಗುತ್ತದೆ, ಸಣ್ಣ ನಿಲ್ದಾಣದ ಹಾರಾಟಗಳು ಆಗಲೇ ನಿಲ್ಲುವುದು.

ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿ ಸೇರಿ, 2019ರಿಂದ ಹೊಸ ಮಾರ್ಗಗಳು ತೆರೆದವು. ಸುಮಾರು ಅರ್ಧ ಸೀಟಿಗೆ ದರದ ಮಿತಿ, ಮೂರು ವರ್ಷದ ಸಹಾಯಧನ. ಅದು ಮುಗಿದ ಮಾರ್ಗಗಳಲ್ಲಿ ದರ ಪೂರ್ತಿ ಕಂಪನಿಯ ಕೈಗೆ ಹೋಯಿತು. ಡಿಜಿಸಿಎ ಆಯ್ದ ಮಾರ್ಗಗಳ ದರದ ಮೇಲೆ ಕಣ್ಣಿಟ್ಟಿದೆ, ಆದರೆ ಯಾವ ದಿನ ಯಾವ ದರದಲ್ಲಿ ಎಷ್ಟು ಸೀಟು ಮಾರಿದವೆಂಬುದು ಪ್ರಯಾಣಿಕನಿಗೆ ಕಾಣುವುದಿಲ್ಲ. ಸಾರ್ವಜನಿಕರ ಹಣ ಪಡೆದ ಮಾರ್ಗಗಳ ಮಟ್ಟಿಗಾದರೂ, ಹಾರಾಟ ಮುಗಿದ ಮೇಲೆ, ಆ ಲೆಕ್ಕವನ್ನು ಪ್ರಕಟಿಸಬೇಕು. ಬೆಳಗಾವಿಯ ಸಂಸದರೂ ವಾಣಿಜ್ಯ ಸಂಘಗಳೂ ಹೊಸ ವಿಮಾನ ಕೇಳುವಾಗ ಇದನ್ನೂ ಕೇಳಲಿ.