ಸೂರ್ಯನ ಮುಖದ ಉಷ್ಣಮಾನ: ಜಮಖಂಡಿಯ ಗ್ರಹಣದಿಂದ ಸ್ಟೆಫಾನನ ಸೂತ್ರದವರೆಗೆ

ಕ್ರಿ. ಶ. ೧೮೬೮ನೆಯ ಆಗಸ್ಟ್ ೧೮ರಂದು ನಮ್ಮ ಸೀಮೆಯ ಮೇಲೆ ಖಗ್ರಾಸ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಅದನ್ನು ನೋಡುವುದಕ್ಕಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಭೂಮಾಪನ ಇಲಾಖೆಯ ಅಧಿಕಾರಿಯು ವರ್ಣಪಟಲ ಯಂತ್ರದೊಡನೆ ಜಮಖಂಡಿಗೆ ಬಂದು ಬೀಡುಬಿಟ್ಟಿದ್ದನು. ಅಂದು ಪಟವರ್ಧನರ ಸಂಸ್ಥಾನವಾಗಿದ್ದ ಆ ಊರು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಮೋಡಗಳು ಕಾಡಿದರೂ ಕಪ್ಪಾದ ಬಿಂಬದ ಅಂಚಿನಲ್ಲಿ ಎದ್ದಿದ್ದ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಿಳೆ, ನೀಲಿ ಎಂಬ ಮೂರು ಉಜ್ವಲ ರೇಖೆಗಳನ್ನು ಆತನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದು ಅಂದೇ ಸ್ಥಿರವಾಯಿತು.

ಆದರೆ ಆ ಸೂರ್ಯನು ಎಷ್ಟು ಬಿಸಿ ಎಂದು ಅಂದು ಯಾರಾದರೂ ಕೇಳಿದ್ದರೆ ಹರ್ಷೆಲನಲ್ಲಿ ಉತ್ತರವಿರುತ್ತಿರಲಿಲ್ಲ. ಯುರೋಪಿನ ವಿದ್ವಾಂಸರಲ್ಲಿಯೂ ಇರಲಿಲ್ಲ. ಅಥವಾ ಉತ್ತರಗಳು ಬೇಕಾದಷ್ಟು ಇದ್ದವು ಎನ್ನಬೇಕು. ಒಬ್ಬರು ಸಾವಿರದೈನೂರು ಡಿಗ್ರಿ ಎಂದರೆ ಇನ್ನೊಬ್ಬರು ಒಂದು ಕೋಟಿ ಡಿಗ್ರಿ ಎನ್ನುತ್ತಿದ್ದರು. ಇಬ್ಬರೂ ಅಳೆದದ್ದು ಇದೇ ಬಿಸಿಲನ್ನು. ಅಳತೆಯಲ್ಲಿ ದೊಡ್ಡ ತಪ್ಪಿರಲಿಲ್ಲ. ತಪ್ಪು ಬೇರೆ ಕಡೆಗಿತ್ತು.

ಬಿಸಿಲನ್ನು ಅಳೆಯುವ ವಿದ್ಯೆ ಹರ್ಷೆಲನ ಮನೆತನಕ್ಕೆ ಹೊಸದಲ್ಲ. ಆತನ ತಂದೆ, ಸುಪ್ರಸಿದ್ಧನಾದ ಸರ್ ಜಾನ್ ಹರ್ಷೆಲನು, ಗುಡ್‌ಹೋಪ್ ಭೂಶಿರದಲ್ಲಿದ್ದಾಗ ನೀರನ್ನು ಬಿಸಿಲಿಗೆ ಒಡ್ಡಿ ಅದು ಏರುವ ಶಾಖವನ್ನು ಲೆಕ್ಕಹಾಕಿದ್ದನು. ಅದೇ ಕಾಲದಲ್ಲಿ ಫ್ರಾನ್ಸಿನ ಪುಯ್ಯೆ ಎಂಬ ಪಂಡಿತನು ಅದೇ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡಿದನು. ಅವನ ಸಾಧನ ಸರಳವಾದುದು: ಕಾಡಿಗೆ ಬಳಿದ ಚಪ್ಪಟೆಯಾದ ಬೆಳ್ಳಿಯ ಡಬ್ಬಿ, ಒಳಗೆ ನೀರು, ನೀರಿನಲ್ಲಿ ಒಂದು ಉಷ್ಣಮಾಪಕ. ಡಬ್ಬಿಯನ್ನು ಐದು ನಿಮಿಷ ನೆರಳಿನಲ್ಲಿಟ್ಟು, ಐದು ನಿಮಿಷ ಸೂರ್ಯನಿಗೆ ನೇರವಾಗಿ ಹಿಡಿದು, ಮತ್ತೆ ಐದು ನಿಮಿಷ ನೆರಳಿಗೆ ಸರಿಸಬೇಕು. ಬಿಸಿಲಿನಲ್ಲಿರುವಾಗಲೂ ಡಬ್ಬಿಯು ಸುತ್ತಲಿನ ಗಾಳಿಗೆ ಸ್ವಲ್ಪ ಶಾಖವನ್ನು ಕಳೆದುಕೊಳ್ಳುತ್ತದೆಯಷ್ಟೆ; ಆ ನಷ್ಟವನ್ನು ಹಿಂದುಮುಂದಿನ ನೆರಳಿನ ಇಳಿತಗಳ ಸರಾಸರಿಯಿಂದ ತಿಳಿದು, ಬಿಸಿಲಿನ ಏರಿಕೆಗೆ ಕೂಡಿಸುವುದೇ ಇದರ ಮರ್ಮ.

ಉಳಿಯುವ ತೊಡಕು ವಾಯುಮಂಡಲದ್ದು. ಗಾಳಿಯು ಬಿಸಿಲಿನ ಒಂದು ಭಾಗವನ್ನು ನುಂಗುತ್ತದೆ. ಮಧ್ಯಾಹ್ನ ಕಿರಣದ ದಾರಿ ಗಿಡ್ಡ, ಬೆಳಗ್ಗೆ ಸಂಜೆ ಉದ್ದ. ಹೊತ್ತುಹೊತ್ತಿಗೆ ಅಳೆದು, ದಾರಿ ಉದ್ದವಾದಂತೆ ಬಿಸಿಲು ಯಾವ ಪ್ರಮಾಣದಲ್ಲಿ ಕುಗ್ಗುತ್ತದೆಂದು ಕಂಡುಕೊಂಡರೆ, ದಾರಿಯೇ ಇಲ್ಲದಿದ್ದರೆ ಎಷ್ಟಿರುತ್ತಿತ್ತೆಂದು ಹಿಂದಕ್ಕೆ ಲೆಕ್ಕಹಾಕಬಹುದು. ಆಕಾಶವು ದಿನವೆಲ್ಲ ಒಂದೇ ತೆರನಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಸೂರ್ಯನು ಸಮಾನ ಎತ್ತರದಲ್ಲಿರುವಾಗ ಪೂರ್ವಾಹ್ನದ ಅಳತೆಗೂ ಅಪರಾಹ್ನದ ಅಳತೆಗೂ ವ್ಯತ್ಯಾಸ ಬಂದರೆ ಆ ದಿನದ ಲೆಕ್ಕವನ್ನು ಬಿಟ್ಟುಬಿಡಬೇಕು. ನಮ್ಮ ಹುನಗುಂದ ಇಳಕಲ್ಲಿನ ಕಡೆ ಚೈತ್ರ ವೈಶಾಖಗಳ ಧೂಳಿನಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕದಿರುವುದೇ ಲೇಸು.

ಹೀಗೆ ವಾಯುಮಂಡಲದ ಹೊರಗೆ, ಸೂರ್ಯನಿಗೆ ಎದುರಾಗಿರುವ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿಗೆ ಸೌರಸ್ಥಿರಾಂಕವೆಂದು ಹೆಸರು. ಪುಯ್ಯೆಯು ೧೮೩೮ರಲ್ಲಿ ಪ್ರಕಟಿಸಿದ ಬೆಲೆ ಇಂದಿನ ಮಾನದಲ್ಲಿ ಸುಮಾರು ೧,೨೨೮ ವ್ಯಾಟ್. ಇಂದು ಉಪಗ್ರಹಗಳು ಕೊಡುವ ಬೆಲೆ ಸುಮಾರು ೧,೩೬೧. ನೂರಕ್ಕೆ ಹತ್ತರಷ್ಟೇ ಕೊರತೆ; ಆ ಕಾಲಕ್ಕೆ ಮೆಚ್ಚತಕ್ಕ ಮಾತೇ ಸರಿ.

ಈ ಶಕ್ತಿಯು ಸೂರ್ಯನ ಮುಖದಿಂದ ಹೊರಡುವಾಗ ಎಷ್ಟು ದಟ್ಟವಾಗಿತ್ತು? ಇದಕ್ಕೆ ಸೂರ್ಯನ ದೂರವು ಗೊತ್ತಿರಬೇಕೆಂದು ಯಾರಿಗಾದರೂ ತೋರುತ್ತದೆ. ವಾಸ್ತವದಲ್ಲಿ ಬೇಕಾದುದು ದೂರಕ್ಕೂ ಸೂರ್ಯನ ತ್ರಿಜ್ಯಕ್ಕೂ ಇರುವ ಪ್ರಮಾಣ ಮಾತ್ರ. ಅದನ್ನು ಬಿಂಬದ ತೋರಿಕೆಯ ಗಾತ್ರವೇ ಹೇಳುತ್ತದೆ. ಹಳೆಯ ಮಾಳಿಗೆಮನೆಯ ಬೆಳಕಿಂಡಿಯನ್ನು ತಗಡಿನಿಂದ ಮುಚ್ಚಿ, ತಗಡಿಗೆ ಸೂಜಿಯ ರಂಧ್ರವನ್ನು ಮಾಡಿ, ಕೆಳಗೆ ಕಿರಣಕ್ಕೆ ಅಡ್ಡವಾಗಿ ಕಾಗದವನ್ನು ಹಿಡಿದರೆ ದುಂಡನೆಯ ಬೆಳಕು ಬೀಳುತ್ತದೆ. ರಂಧ್ರದಿಂದ ಕಾಗದವು ೧೦೭ ಅಂಗುಲ ದೂರವಿದ್ದರೆ ಆ ದುಂಡಿನ ವ್ಯಾಸ ಒಂದು ಅಂಗುಲ. ರಂಧ್ರವು ದೊಡ್ಡದಾದರೆ ದುಂಡೂ ಅಷ್ಟೇ ಉಬ್ಬಿ ಲೆಕ್ಕ ಕೆಡುವುದು. ವ್ಯಾಸಕ್ಕೆ ೧೦೭ಕ್ಕಿಂತ ತುಸು ಹೆಚ್ಚೆಂದರೆ ತ್ರಿಜ್ಯಕ್ಕೆ ಸುಮಾರು ೨೧೫. ಅದರ ವರ್ಗ ೪೬,೦೦೦ಕ್ಕೆ ಸ್ವಲ್ಪ ಮೇಲೆ. ನಮಗೆ ಸಿಕ್ಕುವ ಬಿಸಿಲಿಗಿಂತ ಸೂರ್ಯನ ಮುಖದ ತೇಜಸ್ಸು ಅಷ್ಟು ಪಟ್ಟು ದಟ್ಟವಾದುದು.

ಇಲ್ಲಿ ನಮ್ಮ ಪಂಚಾಂಗದವರಿಗೆ ಸಂತೋಷವಾಗುವ ಒಂದು ಸಂಗತಿಯಿದೆ. ಸೂರ್ಯಸಿದ್ಧಾಂತವು ಸೂರ್ಯನ ದೂರವನ್ನು ಬಹಳ ಕಡಿಮೆಯಾಗಿ ಹೇಳಿದೆ. ಆದರೆ ಅದರ ಪ್ರಕಾರ ಬಿಂಬದ ವ್ಯಾಸ ೬,೫೦೦ ಯೋಜನ, ಕಕ್ಷೆಯ ಪರಿಧಿ ೪೩,೩೧,೫೦೦ ಯೋಜನ. ಇವುಗಳಿಂದ ಬಿಂಬಮಾನವು ೩೨.೪ ಕಲೆಗಳಾಗುತ್ತದೆ. ಇಂದಿನ ಸರಾಸರಿ ೩೨ ಕಲೆ. ದೂರವು ತಪ್ಪಿದ್ದರೂ ಕೋನವು ಸರಿಯಾದುದರಿಂದ ನಮ್ಮ ಕೆಲಸಕ್ಕೆ ಅದು ಸಾಕು.

ಇಷ್ಟೆಲ್ಲ ಕೈಯಲ್ಲಿದ್ದೂ ಪುಯ್ಯೆಯು ಎಡವಿದ್ದು ಕೊನೆಯ ಮೆಟ್ಟಲಿನಲ್ಲಿ. ಇಷ್ಟು ತೇಜಸ್ಸನ್ನು ಸೂಸುವ ವಸ್ತು ಎಷ್ಟು ಬಿಸಿಯಾಗಿರಬೇಕು? ಅವನು ಡ್ಯೂಲಾಂಗ್ ಮತ್ತು ಪೆಟಿ ಎಂಬವರ ನಿಯಮವನ್ನು ನಂಬಿದನು. ಅದರಂತೆ ಉಷ್ಣಮಾನವು ತೊಂಬತ್ತು ಡಿಗ್ರಿ ಏರಿದಾಗಲೆಲ್ಲ ತೇಜಸ್ಸು ಇಮ್ಮಡಿಯಾಗುತ್ತದೆ. ಒಲೆಯ ಶಾಖದವರೆಗೆ ಸರಿದೂಗುವ ಈ ನಿಯಮವನ್ನು ಸೂರ್ಯನವರೆಗೆ ಎಳೆದುದರಿಂದ ಅವನಿಗೆ ಬಂದ ಉತ್ತರ ೧,೪೬೧ ಡಿಗ್ರಿ, ಬಹಳವಾದರೆ ೧,೭೬೧. ರೋಮಿನ ಪಾದ್ರಿ ಸೆಕ್ಕಿಯು ನ್ಯೂಟನ್ನನ ನಿಯಮವನ್ನು ಹಿಡಿದನು. ಅದರಲ್ಲಿ ತೇಜಸ್ಸು ಉಷ್ಣಮಾನದಷ್ಟೇ ಬೆಳೆಯುತ್ತದೆ. ಆದುದರಿಂದ ಅವನ ಸೂರ್ಯನು ಕೋಟಿ ಡಿಗ್ರಿಗೆ ಏರಿದನು. ಪುಯ್ಯೆಯದು ಸರಿಯಲ್ಲವೆಂಬುದಕ್ಕೆ ಒಂದು ಸುಲಭ ಸಾಕ್ಷಿಯಿತ್ತು. ದೊಡ್ಡ ಮಸೂರದ ಕೆಳಗೆ ಪ್ಲಾಟಿನಮ್ ಕರಗುತ್ತದೆ. ಅದು ಕರಗುವುದು ಸುಮಾರು ೧,೭೭೦ ಡಿಗ್ರಿಯಲ್ಲಿ. ಮಸೂರವು ಸೂರ್ಯನಿಗಿಂತ ಹೆಚ್ಚಿನ ಬಿಸಿಯನ್ನು ತಾನಾಗಿ ಹುಟ್ಟಿಸಲಾರದು.

ಗಂಟನ್ನು ಬಿಚ್ಚಿದವನು ವಿಯೆನ್ನಾದ ಜೋಸೆಫ್ ಸ್ಟೆಫಾನ್, ೧೮೭೯ರಲ್ಲಿ. ಟಿಂಡಾಲನ ಪ್ರಯೋಗದಲ್ಲಿ ಪ್ಲಾಟಿನಮ್ ತಂತಿಯು ೫೨೫ ಡಿಗ್ರಿಯ ಮಂದ ಕೆಂಪಿನಿಂದ ೧,೨೦೦ ಡಿಗ್ರಿಯ ಬಿಳುಪಿಗೆ ಏರಿದಾಗ ಅದರ ತೇಜಸ್ಸು ೧೧.೭ ಪಟ್ಟಾಗಿತ್ತು. ಇವಕ್ಕೆ ೨೭೩ನ್ನು ಕೂಡಿಸಿ ನಿರಪೇಕ್ಷ ಮಾನಕ್ಕೆ ತಂದರೆ ೭೯೮ ಮತ್ತು ೧,೪೭೩. ಈ ಎರಡರ ಪ್ರಮಾಣದ ವರ್ಗವರ್ಗವು ೧೧.೬! ತೇಜಸ್ಸು ನಿರಪೇಕ್ಷ ಉಷ್ಣಮಾನದ ವರ್ಗವರ್ಗವನ್ನು ಅನುಸರಿಸುತ್ತದೆಂದು ಸ್ಟೆಫಾನನು ಸಾರಿದನು. ಪ್ಲಾಟಿನಮ್ ಪೂರ್ಣ ಕಪ್ಪು ವಸ್ತುವಲ್ಲವಾದುದರಿಂದ ಆ ಹೊಂದಿಕೆಯಲ್ಲಿ ಅದೃಷ್ಟದ ಪಾಲೂ ಇತ್ತು. ಅವನ ಶಿಷ್ಯ ಬೋಲ್ಟ್ಸ್‌ಮನ್ನನು ೧೮೮೪ರಲ್ಲಿ ಕಾರಣಸಹಿತವಾಗಿ ಸಾಧಿಸಿದ ಮೇಲೆ, ಕಪ್ಪು ವಸ್ತುಗಳ ಮಟ್ಟಿಗೆ ಅದು ನಿಯಮವಾಗಿ ನಿಂತಿತು.

ಈಗ ಲೆಕ್ಕವನ್ನು ಮುಗಿಸೋಣ. ೧,೩೬೧ನ್ನು ೨೧೫ರ ವರ್ಗದಿಂದ ಗುಣಿಸಿದರೆ ಸೂರ್ಯನ ಮುಖದ ಒಂದು ಚದರ ಮೀಟರು ಸೂಸುವ ಶಕ್ತಿ ಸುಮಾರು ೬ ಕೋಟಿ ೨೯ ಲಕ್ಷ ವ್ಯಾಟ್. ಇದನ್ನು ಸ್ಟೆಫಾನನ ಸ್ಥಿರಾಂಕದಿಂದ ಭಾಗಿಸಿ, ಬಂದುದಕ್ಕೆ ಎರಡು ಸಲ ವರ್ಗಮೂಲವನ್ನು ತೆಗೆಯಬೇಕು:

T⁴ = 1361 × 215² ÷ (5.67 × 10⁻⁸)

ಉತ್ತರ ಸುಮಾರು ೫,೭೭೦ ನಿರಪೇಕ್ಷ ಡಿಗ್ರಿ, ಅಂದರೆ ಸುಮಾರು ೫,೫೦೦ ಸೆಂಟಿಗ್ರೇಡ್. ಎರಡು ಸಲ ವರ್ಗಮೂಲ ತೆಗೆಯುವುದರಿಂದ ಅಳತೆಯ ದೋಷವೂ ಕರಗುತ್ತದೆ. ಪುಯ್ಯೆಯ ೧,೨೨೮ನ್ನೇ ಇಟ್ಟರೂ ೫,೬೨೫ ಬರುತ್ತದೆ. ಸೂರ್ಯಸಿದ್ಧಾಂತದ ಬಿಂಬಮಾನವನ್ನು ಇಂದಿನ ಸ್ಥಿರಾಂಕದೊಡನೆ ಸೇರಿಸಿದರೆ ೫,೭೩೪. ನಿಯಮವೊಂದು ಗೊತ್ತಿದ್ದಿದ್ದರೆ ೧೮೩೮ರಲ್ಲಿಯೇ ಉತ್ತರವು ಸಿಕ್ಕಿಬಿಡುತ್ತಿತ್ತು.

ಈ ಅಂಕಿಯು ಬಿಂಬದ ಸರಾಸರಿಯೆಂಬುದನ್ನು ಮರೆಯಬಾರದು. ಬಿಂಬದ ನಡುವು ಅಂಚಿಗಿಂತ ಪ್ರಕಾಶಮಾನವಾದುದು. ಏಕೆಂದರೆ ನಡುವಿನಲ್ಲಿ ನಮ್ಮ ದೃಷ್ಟಿಯು ಹೆಚ್ಚು ಬಿಸಿಯಾದ ಆಳದವರೆಗೆ ಇಳಿಯುತ್ತದೆ. ಕಲೆಗಳ ಒಡಲು ಸುಮಾರು ೪,೦೦೦ ಡಿಗ್ರಿಗೆ ತಣ್ಣಗಿರುತ್ತದೆ. ಗರ್ಭವು ಸುಮಾರು ಒಂದೂವರೆ ಕೋಟಿ ಡಿಗ್ರಿಯಾದರೂ ಅದರ ಸುದ್ದಿಯನ್ನು ಬಿಸಿಲು ನೇರವಾಗಿ ಹೇಳಲಾರದು. ಖಗ್ರಾಸದ ಕತ್ತಲೆಯಲ್ಲಿ ಬಿಂಬದ ಸುತ್ತ ಮುತ್ತಿನ ಬಣ್ಣದಿಂದ ಹರಡಿ ಕಾಣುವ ಪ್ರಭಾಮಂಡಲವಂತೂ ಹತ್ತು ಲಕ್ಷ ಡಿಗ್ರಿಗೂ ಮೀರಿ ಬಿಸಿಯಾದುದೆಂದು ೧೯೪೦ರ ಸುಮಾರಿಗೆ ತಿಳಿದುಬಂದಿತು. ಅತ್ಯಂತ ವಿರಳವಾದುದರಿಂದ ನಮ್ಮ ಬಿಸಿಲಿನಲ್ಲಿ ಅದರ ಪಾಲು ಗಣನೆಗೆ ಬರುವಷ್ಟಿಲ್ಲ.