ಅಂಕಿತವಿಲ್ಲದ ಬರಹದ ಕುಲ: ಭಾಷಾ ಮಾದರಿಗಳ ಶೈಲಿಗುರುತಿನ ಬಗ್ಗೆ ಒಂದು ಟಿಪ್ಪಣಿ

1. ಪ್ರಶ್ನೆ

ಸುಮಾರು 200 ಪದಗಳ ಒಂದು ಗದ್ಯಭಾಗ ನಮ್ಮ ಮುಂದಿದೆ. ಅದನ್ನು ಯಾವುದೋ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಯಿಂದ ಬರೆಸಲಾಗಿದೆ ಎಂಬುದು ಬೇರೆ ಆಧಾರಗಳಿಂದ ಗೊತ್ತಾಗಿದೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಅದು ಯಾವ ಕುಟುಂಬದ ಮಾದರಿ? ಚಾಟ್‌ಜಿಪಿಟಿಯದೇ, ಜೆಮಿನಿಯದೇ, ಕ್ಲಾಡ್‌ನದೇ, ಡೀಪ್‌ಸೀಕ್‌ನದೇ? ಬರಹದ ಒಳಗಿನ ಶೈಲಿಯೊಂದನ್ನೇ ನೋಡಿ ಇದನ್ನು ಎಷ್ಟು ದೃಢವಾಗಿ ಹೇಳಬಹುದು ಎಂಬುದು ಈ ಟಿಪ್ಪಣಿಯ ವಿಷಯ. ನನ್ನ ನಿಲುವು ಇಷ್ಟು: ಶೈಲಿಯಲ್ಲಿ ಗುರುತು ಇರುವುದು ನಿಜ, ಅದನ್ನು ಅಳೆಯಲೂಬಹುದು. ಆದರೆ ಒಂಟಿ ಗದ್ಯಭಾಗದ ವಿಷಯದಲ್ಲಿ ಆ ಅಳತೆಯಿಂದ ಸಿಗುವುದು ಒಂದು ಒಲವು ಮಾತ್ರ, ತೀರ್ಪಲ್ಲ.

ಕನ್ನಡದ ಓದುಗರಿಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ನಮ್ಮಲ್ಲಿ ತಲೆಮಾರುಗಳ ಕಾಲ ನಡೆದಿದೆ. ವಚನಗಳ ಸಂಪಾದಕರಿಗೆ ಇನ್ನೊಂದು ಪಾಠವೂ ಗೊತ್ತು. ಕೊನೆಯಲ್ಲಿ ‘ಕೂಡಲಸಂಗಮದೇವ’ ಎಂದಿದ್ದ ಮಾತ್ರಕ್ಕೆ ಅದು ಬಸವಣ್ಣನವರ ವಚನವೇ ಆಗಿರಬೇಕಿಲ್ಲ, ಏಕೆಂದರೆ ಅಂಕಿತವನ್ನು ಯಾರು ಬೇಕಾದರೂ ಹಾಕಬಹುದು. ಎದ್ದು ಕಾಣುವ ಗುರುತೇ ಎಲ್ಲಕ್ಕಿಂತ ಸುಲಭವಾಗಿ ಎರವಲು ಹೋಗುವ ಗುರುತು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

2. ವಿಧಾನ ಗೆದ್ದ ಜಾಗ

ಪದಗಳನ್ನು ಎಣಿಸಿ ಕರ್ತೃವನ್ನು ಹುಡುಕುವ ಕೆಲಸದಲ್ಲಿ ಎಲ್ಲರೂ ನೆನೆಯುವ ಅಧ್ಯಯನ ಫ್ರೆಡರಿಕ್ ಮೋಸ್ಟೆಲರ್ ಮತ್ತು ಡೇವಿಡ್ ವಾಲೇಸ್ 1964ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787–88ರಲ್ಲಿ ಹೊರಬಂದ 85 ‘ಫೆಡರಲಿಸ್ಟ್’ ಪ್ರಬಂಧಗಳೆಲ್ಲ ‘ಪಬ್ಲಿಯಸ್’ ಎಂಬ ಒಂದೇ ಹೆಸರಿನಲ್ಲಿ ಅಚ್ಚಾಗಿದ್ದವು. ಅಂದರೆ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರಿಗೂ ಒಂದೇ ಅಂಕಿತ. ಅವುಗಳಲ್ಲಿ 12 ಪ್ರಬಂಧಗಳು ಹ್ಯಾಮಿಲ್ಟನ್‌ನವೋ ಮ್ಯಾಡಿಸನ್‌ನವೋ ಎಂಬ ವಿವಾದ ಉಳಿದಿತ್ತು. ಸಂಶೋಧಕರು ವಿಷಯಕ್ಕೆ ಅಂಟಿಕೊಳ್ಳುವ ಪದಗಳನ್ನು ಬಿಟ್ಟು, ಬರೆಯುವವನ ಗಮನಕ್ಕೂ ಬಾರದ ಸಣ್ಣ ಪದಗಳನ್ನು ಎಣಿಸಿದರು. ‘ಅಪಾನ್’ ಎಂಬ ಇಂಗ್ಲಿಷ್ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು 3 ಸಲ ಬಳಸುತ್ತಿದ್ದ, ಮ್ಯಾಡಿಸನ್ ಸುಮಾರು 0.2 ಸಲ. ಇಂಥ ಹಲವು ಪದಗಳ ಸಾಕ್ಷ್ಯವನ್ನು ಕೂಡಿಸಿದಾಗ 12 ಪ್ರಬಂಧಗಳೂ ಮ್ಯಾಡಿಸನ್‌ನ ಕಡೆಗೆ ವಾಲಿದವು.

ಅಲ್ಲಿ ಅನುಕೂಲಗಳು ಏನೇನಿದ್ದವು ಎಂಬುದನ್ನು ಗಮನಿಸಬೇಕು. ಕರ್ತೃ ಇಬ್ಬರಲ್ಲಿ ಒಬ್ಬ ಎಂಬುದು ಮೊದಲೇ ಗೊತ್ತಿತ್ತು. ಇಬ್ಬರೂ ಬರೆದ ನಿರ್ವಿವಾದವಾದ ಬರಹ ಬೇಕಾದಷ್ಟಿತ್ತು. ವಿವಾದದ ಪ್ರಬಂಧಗಳೂ ಉದ್ದವಾಗಿದ್ದವು. ಈ ಉದ್ದದ ಬೆಲೆ ಎಷ್ಟೆಂದು ತಿಳಿಯಲು ಅದೇ ಪದವನ್ನು ನಮ್ಮ 200 ಪದಗಳ ಅಳತೆಗೆ ತಂದು ನೋಡೋಣ. ಸಾವಿರಕ್ಕೆ 3 ಎಂದರೆ 200 ಪದಗಳಿಗೆ ಸರಾಸರಿ 0.6. ಈ ಸರಾಸರಿಯಲ್ಲಿ ಆ ಪದ ಒಮ್ಮೆಯೂ ಬಾರದಿರುವ ಸಾಧ್ಯತೆ 100ಕ್ಕೆ ಸುಮಾರು 55. ಅಂದರೆ ಹ್ಯಾಮಿಲ್ಟನ್‌ನದೇ ಆದ ತುಣುಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅವನ ಅಚ್ಚುಮೆಚ್ಚಿನ ಗುರುತೇ ಇರುವುದಿಲ್ಲ. ಒಮ್ಮೆ ಬಂದರೆ ಹ್ಯಾಮಿಲ್ಟನ್‌ನ ಕಡೆಗೆ ಎಂಟು ಒಂಬತ್ತು ಪಟ್ಟು ಒಲವು ಹುಟ್ಟುತ್ತದೆ. ಬಾರದಿದ್ದರೆ ಹೆಚ್ಚೇನೂ ತಿಳಿಯುವುದಿಲ್ಲ. ಇಷ್ಟು ಸ್ಪಷ್ಟವಾದ ಗುರುತಿನ ಗತಿಯೇ ಹೀಗಿದ್ದರೆ, ಇನ್ನೂ ಮಸುಕಾದ ಗುರುತುಗಳು ಚಿಕ್ಕ ತುಣುಕಿನಲ್ಲಿ ಎಷ್ಟು ಮಾತಾಡಿಯಾವು?

3. ಮಾದರಿಗಳ ಮೇಲೆ ಪ್ರಯೋಗ

ಭಾಷಾ ಮಾದರಿಗಳ ಬಗ್ಗೆಯೂ ಗಟ್ಟಿಯಾದ ಪ್ರಯೋಗ ನಡೆದಿದೆ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಾಟ್‌ಜಿಪಿಟಿ, ಕ್ಲಾಡ್, ಗ್ರಾಕ್, ಜೆಮಿನಿ, ಡೀಪ್‌ಸೀಕ್ ಈ ಐದರ ಸಾವಿರಾರು ಉತ್ತರಗಳಿಂದ ಕಲಿತ ವರ್ಗೀಕರಣ ವ್ಯವಸ್ಥೆ, ತಾನು ಹಿಂದೆ ನೋಡಿರದ ಉತ್ತರಗಳನ್ನು 97.1% ನಿಖರತೆಯಿಂದ ವಿಂಗಡಿಸಿತು. ಸುಮ್ಮನೆ ಊಹಿಸಿದ್ದರೆ 20% ಸರಿಯಾಗುತ್ತಿತ್ತು. ಉತ್ತರಗಳನ್ನು ಬೇರೊಂದು ಮಾದರಿಯಿಂದ ಮರುಬರಹ ಮಾಡಿಸಿದಾಗಲೂ, ಬೇರೆ ಭಾಷೆಗೆ ಅನುವಾದಿಸಿದಾಗಲೂ ಗುರುತು ಪೂರ್ತಿ ಅಳಿಯಲಿಲ್ಲ. ಹಾಗಾಗಿ ‘ಗುರುತು ಎಂಬುದೇ ಭ್ರಮೆ’ ಎಂದು ಹೇಳುವವರ ಮಾತನ್ನು ಒಪ್ಪಲಾಗದು.

ಆದರೆ 97.1% ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಮರೆಯಬಾರದು. ಬರೆದದ್ದು ಐದರಲ್ಲಿ ಒಂದು ಎಂದು ಅಲ್ಲಿ ಮೊದಲೇ ಗೊತ್ತು. ಯಾವ ಆವೃತ್ತಿ ಎಂಬುದೂ ಗೊತ್ತು. ಎಲ್ಲಕ್ಕೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಲಾಗಿದೆ. ದಪ್ಪಕ್ಷರ, ಉಪಶೀರ್ಷಿಕೆ, ಚುಕ್ಕಿಪಟ್ಟಿಗಳಂಥ ವಿನ್ಯಾಸದಿಂದಲೂ ಗಣನೀಯ ಸುಳಿವು ಸಿಗುತ್ತದೆ ಎಂದು ಅದೇ ಅಧ್ಯಯನ ತೋರಿಸಿತು. ನಮ್ಮ ಕೈಗೆ ಬರುವ ತುಣುಕಿನಲ್ಲಾದರೋ ವಿನ್ಯಾಸ ಉದುರಿಹೋಗಿರುತ್ತದೆ, ಯಾರೋ ಒಬ್ಬರು ಅದನ್ನು ತಿದ್ದಿರುತ್ತಾರೆ, ಯಂತ್ರಕ್ಕೆ ಏನು ಸೂಚನೆ ಕೊಟ್ಟಿದ್ದರು ಎಂಬುದು ತಿಳಿದಿರುವುದಿಲ್ಲ. ‘ಸರಳವಾಗಿ, ಸಣ್ಣ ವಾಕ್ಯಗಳಲ್ಲಿ, ಪಟ್ಟಿ ಇಲ್ಲದೆ ಬರೆ’ ಎಂಬ ಒಂದು ಸೂಚನೆ ಸಾಕು, ಕುಟುಂಬದ ಗುರುತೆಂದು ನಾವು ಎಣಿಸಿಕೊಂಡಿದ್ದರಲ್ಲಿ ಬಹುಪಾಲು ಮರೆಯಾಗುತ್ತದೆ.

4. ಒಂದು ತುಣುಕು, ಹತ್ತಿರದಿಂದ

ಈ ಟಿಪ್ಪಣಿಗಾಗಿಯೇ ನಾನು ಬರೆದ ಎರಡು ವಾಕ್ಯಗಳು ಇಲ್ಲಿವೆ: “ಕೆರೆಗಳು ಕೇವಲ ನೀರಿನ ಮೂಲಗಳಲ್ಲ, ಅವು ನಮ್ಮ ಸಂಸ್ಕೃತಿಯ ಜೀವನಾಡಿಗಳಾಗಿವೆ. ಅವುಗಳ ಸಂರಕ್ಷಣೆಯು ಪರಿಸರ, ಆರ್ಥಿಕತೆ ಮತ್ತು ಸಮುದಾಯದ ಯೋಗಕ್ಷೇಮದಲ್ಲಿ ಪ್ರಮುಖ ಪಾತ್ರವನ್ನು ವಹಿಸುತ್ತದೆ.”

ಓದಿದ ಕೂಡಲೇ ‘ಇದು ಯಂತ್ರದ್ದು’ ಎನ್ನಿಸುತ್ತದೆ. ಏಕೆ ಹಾಗೆನ್ನಿಸುತ್ತದೆ ಎಂದು ಬಿಡಿಸಿ ನೋಡಿದರೆ ನಾಲ್ಕು ಲಕ್ಷಣಗಳು ಸಿಗುತ್ತವೆ: ‘ಕೇವಲ ಇದಲ್ಲ, ಅದು’ ಎಂಬ ಕಟ್ಟು; ಮೂರು ನಾಮಪದಗಳ ಸಾಲು; ‘ಪರಿಸರಕ್ಕೂ ಊರಿಗೂ’ ಎಂದು ‘ಊ’ ಪ್ರತ್ಯಯದಿಂದ ಜೋಡಿಸಬಹುದಾದ ಕಡೆ ‘ಮತ್ತು’; ‘ಪಾತ್ರವನ್ನು ವಹಿಸುತ್ತದೆ’ ಎಂಬ ಕ್ರಿಯೆ. ಕೊನೆಯ ಎರಡು ಇಂಗ್ಲಿಷಿನ ನೆರಳು. ಇಂಗ್ಲಿಷ್ ಪಠ್ಯವೇ ಹೆಚ್ಚಾಗಿರುವ ರಾಶಿಯಿಂದ ಕಲಿತ ಯಾವ ಮಾದರಿಯೇ ಆಗಲಿ, ಕನ್ನಡದಲ್ಲಿ ಬರೆಯುವಾಗ ಆ ಕಡೆಗೆ ಜಾರಬಹುದು. ಸರ್ಕಾರಿ ಪ್ರಕಟಣೆ, ಜಾಹೀರಾತು, ಅವಸರದ ಸುದ್ದಿ ಅನುವಾದಗಳಲ್ಲಿ ಮನುಷ್ಯರೂ ಹಾಗೆಯೇ ಬರೆಯುತ್ತ ಬಂದಿದ್ದಾರೆ. ಆದ್ದರಿಂದ ಈ ಎರಡು ಲಕ್ಷಣಗಳು ಭಾಷಾಂತರದ ಗುರುತುಗಳು, ಕುಟುಂಬದ ಗುರುತುಗಳಲ್ಲ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಸಣ್ಣ ಪದಗಳ ಕೆಲಸವನ್ನು ನಮ್ಮಲ್ಲಿ ವಿಭಕ್ತಿ, ಪ್ರತ್ಯಯಗಳು ಮಾಡುತ್ತವೆ. ಅವು ಪದದೊಳಗೆ ಸಂಧಿಯಾಗಿ ಬೆರೆತಿರುವುದರಿಂದ ಬಿಡಿಸದೆ ಎಣಿಸಲಾಗದು.

ಉಳಿದ ಎರಡು ಲಕ್ಷಣಗಳಿಂದ ಏನಾದೀತು? ಸಂಖ್ಯೆಗಳನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಇವು ಅಳೆದ ಸಂಖ್ಯೆಗಳಲ್ಲ, ಲೆಕ್ಕದ ದಾರಿ ತೋರಿಸಲು ಇಟ್ಟವು. ‘ಕೇವಲ ಇದಲ್ಲ’ ಎಂಬ ಕಟ್ಟು ‘ಅ’ ಕುಟುಂಬದ 100 ತುಣುಕುಗಳಲ್ಲಿ 40ರಲ್ಲಿ, ‘ಆ’ ಕುಟುಂಬದ 20ರಲ್ಲಿ, ‘ಇ’ ಕುಟುಂಬದ 20ರಲ್ಲಿ ಬರುತ್ತದೆ ಎನ್ನೋಣ. ಮೂರರ ಸಾಲು ಅದೇ ಕ್ರಮದಲ್ಲಿ 60, 30, 40. ಎರಡನ್ನೂ ಗುಣಿಸಿ ಹೋಲಿಸಿದರೆ ಅ ಕುಟುಂಬಕ್ಕೆ 63% ಸಿಗುತ್ತದೆ. ಇಲ್ಲಿಗೆ ನಿಲ್ಲಿಸಿದರೆ ‘ಬಹುಶಃ ಅ’ ಎಂದು ಬರೆದುಬಿಡಬಹುದು.

ಆದರೆ ನಾವು ಹೋಲಿಸದ ಬೇರೆ ಮಾದರಿಗಳೂ ಇವೆ. ‘ಇತರ’ ಎಂಬ ನಾಲ್ಕನೆಯ ಬಾಗಿಲು ತೆರೆದು, ಅಲ್ಲಿ ಈ ಲಕ್ಷಣಗಳು 30ರಲ್ಲಿ ಮತ್ತು 45ರಲ್ಲಿ ಬರುತ್ತವೆ ಎಂದು ಹಿಡಿದು, ನಾಲ್ಕಕ್ಕೂ ಸಮಾನ ಅವಕಾಶ ಕೊಟ್ಟರೆ ಅ ಕುಟುಂಬದ ಪಾಲು 47%ಕ್ಕೆ ಇಳಿಯುತ್ತದೆ. ಇನ್ನೊಂದು ಮಾತು: ಗುಣಿಸುವುದು ಸರಿಯಾಗುವುದು ಎರಡು ಲಕ್ಷಣಗಳು ಒಂದನ್ನೊಂದು ಅವಲಂಬಿಸಿರದಿದ್ದರೆ ಮಾತ್ರ. ಇಲ್ಲಿ ಎರಡೂ ಮನವೊಲಿಸುವ ಭಾಷಣದ ಒಂದೇ ಧಾಟಿಯಿಂದ ಹುಟ್ಟಿದವು, ಒಂದು ಬಂದಲ್ಲಿ ಇನ್ನೊಂದೂ ಬರುವ ಸಂಭವ ಹೆಚ್ಚು. ಎರಡನೆಯದು ಹೊಸದೇನನ್ನೂ ಹೇಳುತ್ತಿಲ್ಲ ಎಂದು ಬಿಟ್ಟರೆ ಉಳಿಯುವುದು 36%. ಏನನ್ನೂ ಓದುವ ಮೊದಲೇ ನಮ್ಮ ಬಳಿ 25% ಇತ್ತು. ಅಂದರೆ ಇಷ್ಟೆಲ್ಲ ಲಕ್ಷಣ ತುಂಬಿದ ತುಣುಕಿನಿಂದ ನಾವು ಕಲಿತದ್ದು ಅಷ್ಟೇ.

5. ‘ಕುಟುಂಬ’ ಎಂದರೇನು?

ಉದ್ದವಾದ ಪಠ್ಯ ಸಿಕ್ಕಿ ಮೇಲಿನ ತೊಡಕುಗಳು ತೀರಿದರೂ ಒಂದು ಉಳಿಯುತ್ತದೆ. 2023ರ ಮಾರ್ಚ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ‘ಆಲ್ಪಾಕಾ’ ಎಂಬ ಮಾದರಿಯನ್ನು ಹೊರತಂದರು. ಅದರ ಬುನಾದಿ ಮೆಟಾ ಸಂಸ್ಥೆಯ ಲಾಮಾ. ಸೂಚನೆಗೆ ತಕ್ಕಂತೆ ಉತ್ತರಿಸುವುದನ್ನು ಅದಕ್ಕೆ ಕಲಿಸಿದ್ದು ಓಪನ್‌ಎಐ ಸಂಸ್ಥೆಯ `text-davinci-003` ಮಾದರಿಯಿಂದ ಬರೆಸಿದ 52,000 ಉದಾಹರಣೆಗಳು. ಇದು ಬರೆದ ತುಣುಕನ್ನು ಯಾವ ಕುಟುಂಬಕ್ಕೆ ಸೇರಿಸಬೇಕು? ಎಲುಬು ಒಂದು ಮನೆಯದು, ನಡಿಗೆ ಇನ್ನೊಂದು ಮನೆಯದು. ಶೈಲಿ ನೋಡಿ ಹೇಳುವವರ ಕಣ್ಣಿಗೆ ಬೀಳುವುದು ನಡಿಗೆ. ಹೀಗೆ ಅನುಕರಿಸಿದ ಮಾದರಿಗಳು ಮೂಲದ ಶೈಲಿಯನ್ನು ಬೇಗ ಹಿಡಿಯುತ್ತವೆ, ತಿಳಿವಳಿಕೆಯನ್ನು ಅಷ್ಟು ಹಿಡಿಯುವುದಿಲ್ಲ ಎಂದು ಅದೇ ವರ್ಷ ಬರ್ಕ್ಲಿಯ ಸಂಶೋಧಕರು ತೋರಿಸಿದರು. ಎಲ್ಲಕ್ಕಿಂತ ಸುಲಭವಾಗಿ ಕೈ ಬದಲಾಯಿಸುವುದು ಶೈಲಿಯೇ ಎಂದಾಯಿತು.

ಇದರ ಜೊತೆಗೆ ಕುಟುಂಬಗಳೇ ನಿಂತಲ್ಲಿ ನಿಲ್ಲುವುದಿಲ್ಲ. ಹೊಸ ಆವೃತ್ತಿ ಬಂದಾಗ ಹಳೆಯ ಚಟಗಳನ್ನು ತಿದ್ದಿರುತ್ತಾರೆ, ಹೊಸವು ಸೇರಿರುತ್ತವೆ. ಯಂತ್ರದ ಮೆಚ್ಚಿನ ಪದಗಳು ಓದಿದವರ ಬರಹಕ್ಕೂ ಇಳಿಯುತ್ತವೆ. ಕಳೆದ ವರ್ಷದ ಪಠ್ಯದಿಂದ ಕಟ್ಟಿದ ಅಳತೆಗೋಲು ಈ ವರ್ಷದ ತುಣುಕಿನ ಮೇಲೆ ತಪ್ಪಿದರೂ, ತಪ್ಪಿದೆ ಎಂದು ತಾನಾಗಿ ಹೇಳುವುದಿಲ್ಲ.

6. ವರದಿ ಮಾಡುವ ಬಗೆ

ಇಂಥ ನಿರ್ಣಯವನ್ನು ಬರೆಯಲೇಬೇಕಾದಾಗ ನಾನು ಒಂದು ಕ್ರಮವನ್ನು ಅನುಸರಿಸುತ್ತೇನೆ. ಹೋಲಿಸಿದ ಕುಟುಂಬಗಳು ಯಾವುವು, ಅವುಗಳ ಯಾವ ಆವೃತ್ತಿ, ತುಣುಕಿನ ಉದ್ದ ಎಷ್ಟು ಎಂಬುದನ್ನು ಮೊದಲು ಹೇಳುತ್ತೇನೆ. ‘ಇವು ಯಾವುವೂ ಅಲ್ಲ’ ಎಂಬ ಬಾಗಿಲನ್ನು ಮುಚ್ಚುವುದಿಲ್ಲ. ಅದೇ ವಿಷಯದ ಮೇಲೆ ಮನುಷ್ಯರು ಬರೆದ ತುಣುಕುಗಳನ್ನೂ ಅದೇ ಅಳತೆಗೆ ಒಡ್ಡಿ, ಎಷ್ಟು ತುಣುಕುಗಳು ತಪ್ಪಾಗಿ ಯಾವುದೋ ಕುಟುಂಬಕ್ಕೆ ಸೇರಿದವು ಎಂದು ದಾಖಲಿಸುತ್ತೇನೆ. ಕೊನೆಗೆ ‘ಇದು ಅ ಕುಟುಂಬದ್ದು’ ಎಂದು ಬರೆಯದೆ, ‘ಹೋಲಿಸಿದವುಗಳಲ್ಲಿ ಅ ಕುಟುಂಬದ ಬರಹಕ್ಕೆ ಹೆಚ್ಚು ಹೊಂದುತ್ತದೆ’ ಎಂದು ಬರೆಯುತ್ತೇನೆ.

ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ಒಬ್ಬ ವಿದ್ಯಾರ್ಥಿಯ ಪದವಿಯೋ ಒಬ್ಬ ಲೇಖಕಿಯ ಹೆಸರೋ ಸಿಕ್ಕಿಕೊಂಡಿರಬಹುದು. ಕೆರೆಗಳ ಬಗೆಗಿನ ಆ ಎರಡು ವಾಕ್ಯಗಳಲ್ಲಿ ಲಕ್ಷಣಗಳೆಲ್ಲವೂ ಇದ್ದವು, ಲೆಕ್ಕವೂ ಒಂದು ಕುಟುಂಬದ ಕಡೆಗೆ ಕೈ ತೋರಿಸಿತು. ಆದರೆ ಅವನ್ನು ಬರೆದದ್ದು ಯಾವ ಕುಟುಂಬವೂ ಅಲ್ಲ, ನಾನು. ಆ ಲೆಕ್ಕದಲ್ಲಿ ನನಗೆ ಜಾಗವೇ ಇರಲಿಲ್ಲ.