ನವರಾತ್ರಿ ಉಪವಾಸದಲ್ಲೂ ಗರಡಿ ಬಿಡದವರು ಏನು ತಿನ್ನಬೇಕು? ಕಾಶಿಯ ಫಲಾಹಾರದ ಲೆಕ್ಕ ಇಲ್ಲಿದೆ

ವಾರಣಾಸಿ: ಗಂಗೆಯ ತೀರದ ಈ ಊರಿಗೂ ಕುಸ್ತಿಗೂ ಹಳೆಯ ನಂಟು. ತುಳಸಿ ಘಾಟ್‌ನ ಅಖಾಡ ಸೇರಿದಂತೆ ಇಲ್ಲಿನ ಗರಡಿಗಳಲ್ಲಿ ಬೆಳಗಿನ ಜಾವವೇ ದಂಡ, ಬೈಠಕ್, ಗದೆ ತಿರುಗಿಸುವ ಸಾಧನೆ ಶುರುವಾಗುತ್ತದೆ. ಗರಡಿಯ ದೇವರು ಹನುಮಂತ. ಹಾಗಾಗಿ ಮಂಗಳವಾರದ ವ್ರತ ಹಿಡಿಯುವ ಪೈಲ್ವಾನರು ಬಹಳ. ಚೈತ್ರ ಮತ್ತು ಶರದ್ ನವರಾತ್ರಿ ಬಂತೆಂದರೆ ಒಂಬತ್ತು ದಿನ ಅಕ್ಕಿ, ಗೋಧಿ, ಬೇಳೆ ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಸಾಮಾನ್ಯ ಉಪ್ಪೂ ಇಲ್ಲ.

ಹಾಗಾದರೆ ಸಾಧನೆ ಮಾಡುವ ದೇಹಕ್ಕೆ ಏನು ಸಿಗುತ್ತದೆ? ವ್ರತದಲ್ಲಿ ಆಹಾರ ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಫಲಾಹಾರದಲ್ಲಿ ಹೊಟ್ಟೆಗೆ ಕೊರತೆ ಇರುವುದಿಲ್ಲ, ಕೊರತೆ ಬೀಳುವುದು ಪ್ರೋಟೀನ್‌ಗೆ.

ಕಾಶಿಯ ಫಲಾಹಾರದಲ್ಲಿ ಏನೇನಿದೆ?

ಕರ್ನಾಟಕದ ಅನೇಕ ಮನೆಗಳಲ್ಲಿ ಉಪವಾಸದ ದಿನ ಅವಲಕ್ಕಿ ಅಥವಾ ರವೆ ಉಪ್ಪಿಟ್ಟು ನಡೆಯುತ್ತದೆ. ಕಾಶಿಯಲ್ಲಿ ಅದು ನಡೆಯುವುದಿಲ್ಲ. ಅವಲಕ್ಕಿ ಅಕ್ಕಿಯದ್ದು, ರವೆ ಗೋಧಿಯದ್ದು, ಎರಡೂ ಅನ್ನದ ಲೆಕ್ಕಕ್ಕೇ ಸೇರುತ್ತವೆ. ಓದಲೆಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನವರ ಜೊತೆ ವ್ರತ ಹಿಡಿಯುವ ಕನ್ನಡದ ಹುಡುಗರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಅಲ್ಲಿ ಒಪ್ಪಿತವಾದ ಪದಾರ್ಥಗಳೆಂದರೆ ಕುಟ್ಟು ಹಿಟ್ಟು, ನೀರಲ್ಲಿ ಬೆಳೆಯುವ ಸಿಂಗಾಡಾ ಕಾಯಿಯ ಹಿಟ್ಟು, ರಾಜಗಿರಿ, ಸಬ್ಬಕ್ಕಿ, ಮಖಾನಾ, ಸಮಾ ಅಕ್ಕಿ (ನಮ್ಮ ಊದಲು), ಆಲೂಗಡ್ಡೆ, ಗೆಣಸು, ಹಣ್ಣು, ಹಾಲು, ಮೊಸರು, ಪನೀರ್. ಹೆಚ್ಚಿನ ಮನೆಗಳಲ್ಲಿ ಶೇಂಗಾ ಕೂಡ ಆಗುತ್ತದೆ. ಉಪ್ಪಿನ ಬದಲು ಸೈಂಧವ ಲವಣ. ಕುಟ್ಟು ಎಂಬುದು ಹುಲ್ಲಿನ ಜಾತಿಯ ಧಾನ್ಯವಲ್ಲ, ಬೇರೆ ಗಿಡದ ಬೀಜ. ಆದ್ದರಿಂದಲೇ ವ್ರತಕ್ಕೆ ನಡೆಯುತ್ತದೆ.

ಎಡವುವುದು ಎಲ್ಲಿ?

ಬೀದಿಯ ವ್ರತದ ತಟ್ಟೆ ಎಂದರೆ ಸಬ್ಬಕ್ಕಿ ಖಿಚಡಿ, ಕರಿದ ಆಲೂಗಡ್ಡೆ, ಕುಟ್ಟು ಪೂರಿ. 100 ಗ್ರಾಂ ಸಬ್ಬಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ, ಪ್ರೋಟೀನ್ ಮಾತ್ರ 1 ಗ್ರಾಂ ಕೂಡ ಇಲ್ಲ. ಆಲೂಗಡ್ಡೆಯಲ್ಲಿ 100 ಗ್ರಾಂಗೆ 2 ಗ್ರಾಂ ಆಸುಪಾಸು. ಎರಡನ್ನೂ ಹೊಟ್ಟೆ ತುಂಬ ತಿಂದು ಗರಡಿಗೆ ಇಳಿದರೆ ಆ ಹೊತ್ತಿಗೆ ಶಕ್ತಿ ಇರುತ್ತದೆ. ಆದರೆ ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಮೈಕೈ ನೋವು ಬೇಗ ಇಳಿಯುವುದಿಲ್ಲ, ಊಟವಾಗಿ ಎರಡು ಗಂಟೆಗೆಲ್ಲ ಮತ್ತೆ ಹಸಿವಾಗುತ್ತದೆ, ನಿನ್ನೆ ಎತ್ತಿದ ಭಾರ ಇಂದು ಹೆಚ್ಚೆನಿಸುತ್ತದೆ. ತಟ್ಟೆಯಲ್ಲಿ ಪಿಷ್ಟವೇ ತುಂಬಿದೆ ಎಂಬುದಕ್ಕೆ ಇವು ಗುರುತು.

65 ಕೆಜಿ ತೂಕದವರ ಒಂದು ದಿನ

ದಿನವೂ ವ್ಯಾಯಾಮ ಮಾಡುವವರಿಗೆ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 65 ಕೆಜಿಯ ಯುವಕನಿಗೆ ನಡುವಿನ ಅಳತೆ ಹಿಡಿದರೆ ಸುಮಾರು 90 ಗ್ರಾಂ. ಬೇಳೆ, ಮೊಟ್ಟೆ ಇಲ್ಲದೆ ಇದನ್ನು ಹೀಗೆ ಹೊಂದಿಸಬಹುದು:

- ಹಾಲು 1 ಲೀಟರ್: 32 ಗ್ರಾಂ
- ಪನೀರ್ 150 ಗ್ರಾಂ: 27 ಗ್ರಾಂ
- ಶೇಂಗಾ 50 ಗ್ರಾಂ: 12 ಗ್ರಾಂ
- ಮೊಸರು 300 ಗ್ರಾಂ: 10 ಗ್ರಾಂ
- ಕುಟ್ಟು ಹಿಟ್ಟು 80 ಗ್ರಾಂ: 10 ಗ್ರಾಂ

ಒಟ್ಟು 91 ಗ್ರಾಂ. ಇದರ ಜೊತೆ 300 ಗ್ರಾಂ ಬೇಯಿಸಿದ ಗೆಣಸು, ಮೂರು ಬಾಳೆಹಣ್ಣು ಸೇರಿದರೆ ಕ್ಯಾಲೊರಿಯೂ 2300ರ ಆಸುಪಾಸಿಗೆ ಬರುತ್ತದೆ.

ಇದನ್ನು ಒಂದೇ ಸಲಕ್ಕೆ ತಿನ್ನಲಾಗದು. ಗರಡಿಗೆ ಹೋಗುವ ಮುಂಚೆ ಬಾಳೆಹಣ್ಣು ಮತ್ತು ಒಂದು ಲೋಟ ಹಾಲು, ಮುಗಿಸಿ ಬಂದ ಮೇಲೆ ಮತ್ತೊಂದು ಲೋಟ ಹಾಲು ಮತ್ತು ಶೇಂಗಾ. ಮಧ್ಯಾಹ್ನ ಕುಟ್ಟು ದೋಸೆ, ಒಳಗೆ ಪನೀರ್, ಪಕ್ಕದಲ್ಲಿ ಮೊಸರು. ಸಂಜೆ ಗೆಣಸು ಮತ್ತು ಉಳಿದ ಬಾಳೆಹಣ್ಣು. ರಾತ್ರಿ ಉಳಿದ ಅರ್ಧ ಲೀಟರ್ ಹಾಲು. ಕುಟ್ಟು ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲದ ಕಾರಣ ಲಟ್ಟಿಸಿದರೆ ಒಡೆಯುತ್ತದೆ. ಅದಕ್ಕೇ ಬೇಯಿಸಿದ ಆಲೂಗಡ್ಡೆ ಸೇರಿಸಿ ಪೂರಿ ಕರಿಯುತ್ತಾರೆ. ತೆಳ್ಳಗೆ ಕಲಸಿ ಕಾವಲಿಯ ಮೇಲೆ ಹರಡಿದರೆ ಎಣ್ಣೆಯೂ ಉಳಿಯುತ್ತದೆ, ಹೊಟ್ಟೆಯೂ ಭಾರವಾಗದು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಹಾಲಿನ ಪಾಲನ್ನು ಕಡಿಮೆ ಮಾಡಿ, ಮೊಸರು, ಪನೀರ್ ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಸಾಧನೆ ಎಷ್ಟು, ಯಾವಾಗ?

ಈ ದಿನಗಳಲ್ಲಿ ಎತ್ತುವ ಭಾರ ಇಳಿಸಬೇಕಿಲ್ಲ, ಸುತ್ತುಗಳನ್ನು ಇಳಿಸಬೇಕು. ಆರು ಸುತ್ತು ಮಾಡುವವರು ಮೂರು ಮಾಡಲಿ, ಭಾರ ಅದೇ ಇರಲಿ. ಸ್ನಾಯುವಿನ ಬಲ ಉಳಿಯುವುದಕ್ಕೆ ಇಷ್ಟು ಸಾಕು. ಭಾರ ಇಳಿಸಿ ಬೆವರು ಹರಿಯುವಂತೆ ನೂರಾರು ಬೈಠಕ್ ತೆಗೆಯುವುದರಿಂದ ದಣಿವು ಹೆಚ್ಚುತ್ತದೆಯೇ ಹೊರತು ಲಾಭ ಕಡಿಮೆ.

ಕೆಲವರದ್ದು ಒಪ್ಪತ್ತಿನ ವ್ರತ, ಸಂಜೆ ಆರತಿಯ ನಂತರವೇ ಊಟ. ಅಂಥವರು ಬೆಳಗ್ಗೆ ಗರಡಿ ಮಾಡಿ ಹನ್ನೆರಡು ಗಂಟೆ ಖಾಲಿ ಹೊಟ್ಟೆಯಲ್ಲಿರುವುದು ಸರಿಯಲ್ಲ. ಆ ಒಂಬತ್ತು ದಿನ ಸಾಧನೆಯನ್ನೇ ಊಟಕ್ಕೆ ಒಂದು ಗಂಟೆ ಮುಂಚೆಗೆ ಸರಿಸಿಕೊಂಡರೆ, ದಣಿದ ದೇಹಕ್ಕೆ ಕೂಡಲೇ ಆಹಾರ ಸಿಗುತ್ತದೆ. ಒಂದೇ ಊಟದಲ್ಲಿ 90 ಗ್ರಾಂ ಪ್ರೋಟೀನ್ ಕಷ್ಟ, 60 ಗ್ರಾಂ ಸಿಕ್ಕರೂ ಒಂಬತ್ತು ದಿನಕ್ಕೆ ದೊಡ್ಡ ನಷ್ಟವಿಲ್ಲ.

ನೀರೂ ಇಲ್ಲದ ವ್ರತದ ಮಾತು ಬೇರೆ. ನಿರ್ಜಲ ಏಕಾದಶಿ ಬರುವುದು ಜ್ಯೇಷ್ಠ ಮಾಸದಲ್ಲಿ, ಕಾಶಿಯ ಬಿಸಿಲು 40 ಡಿಗ್ರಿ ದಾಟುವ ಹೊತ್ತಿನಲ್ಲಿ. ಅಂದು ಸಾಧನೆಗೆ ರಜೆ ಕೊಡಲೇಬೇಕು. ಮರುದಿನ ಪಾರಣೆಯಾಗಿ, ನೀರು ಕುಡಿದು, ಮೂತ್ರದ ಬಣ್ಣ ತಿಳಿಯಾದ ಮೇಲೆಯೇ ಗರಡಿಗೆ ಇಳಿಯಬೇಕು.

ಉಳಿದ ವ್ರತದ ದಿನಗಳಲ್ಲಿ ತಕ್ಕಡಿಯೇ ಅಳತೆ. ಸಾಧನೆಗೆ ಮುಂಚೆ ಮತ್ತು ಮುಗಿದ ಮೇಲೆ ತೂಕ ನೋಡಿದಾಗ 65 ಕೆಜಿಯವರಿಗೆ 1.3 ಕೆಜಿಗಿಂತ ಹೆಚ್ಚು ಇಳಿದಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಇಳಿದ ಪ್ರತಿ ಕೆಜಿಗೆ ಸುಮಾರು ಒಂದೂವರೆ ಲೀಟರ್ ನೀರು ಅಥವಾ ಮಜ್ಜಿಗೆಯನ್ನು ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಕುಡಿಯಬೇಕು. ಮಜ್ಜಿಗೆಗೆ ಚಿಟಿಕೆ ಸೈಂಧವ ಲವಣ ಹಾಕಿದರೆ ಬೆವರಿನಲ್ಲಿ ಹೋದ ಸೋಡಿಯಂ ಮರಳುತ್ತದೆ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಇರುವುದಿಲ್ಲ. ವ್ರತದ ದಿನಗಳ ಮಟ್ಟಿಗೆ ಚಿಂತೆಯಿಲ್ಲ, ವರ್ಷವಿಡೀ ಅದನ್ನೇ ಬಳಸುವುದು ಬೇಡ.

ಹಳೆಯ ಕುಟ್ಟು ಹಿಟ್ಟು ಬೇಡ

ಕುಟ್ಟು ಹಿಟ್ಟಿನಲ್ಲಿ ಎಣ್ಣೆಯ ಅಂಶವಿದೆ, ಬೇಗ ಕೆಡುತ್ತದೆ. ಕಳೆದ ನವರಾತ್ರಿಯಲ್ಲಿ ಉಳಿದ ಹಿಟ್ಟನ್ನು ಬಳಸಿ ವಾಂತಿ, ತಲೆಸುತ್ತು ಬಂದು ಆಸ್ಪತ್ರೆ ಸೇರುವವರ ಸುದ್ದಿ ಉತ್ತರ ಭಾರತದಲ್ಲಿ ಹಬ್ಬದ ದಿನಗಳಲ್ಲಿ ಕೇಳಿಬರುತ್ತಿರುತ್ತದೆ. ಮುಗ್ಗಲು ವಾಸನೆ, ಕಹಿ ರುಚಿ, ಗಂಟು ಕಟ್ಟಿರುವುದು, ಇವುಗಳಲ್ಲಿ ಯಾವುದು ಕಂಡರೂ ಚೆಲ್ಲಿಬಿಡಬೇಕು. ಬಿಡಿ ಹಿಟ್ಟಿಗಿಂತ ತಯಾರಾದ ದಿನಾಂಕವಿರುವ ಪೊಟ್ಟಣವೇ ಲೇಸು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ವ್ಯಾಯಾಮ ಮಾಡಿದರೆ ಸಕ್ಕರೆ ಅಂಶ ದಿಢೀರನೆ ಕುಸಿಯಬಹುದು. ಕಿಡ್ನಿ ತೊಂದರೆ ಇರುವವರಿಗೆ ಆಲೂಗಡ್ಡೆ, ಬಾಳೆಹಣ್ಣಿನ ಪೊಟ್ಯಾಸಿಯಂ, ಹೆಚ್ಚಿನ ಪ್ರೋಟೀನ್ ಎರಡೂ ಅಪಾಯ. ಇಂಥವರಿಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ, ವ್ರತ ಹಿಡಿಯುವ ಮುಂಚೆಯೇ ವೈದ್ಯರನ್ನು ಕೇಳಬೇಕು.